ಎರಡು ನಿಮಿಷದ ಪರಿಚಯಕ್ಕೆ ಎಷ್ಟು ಹುಡುಕಬೇಕು?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. ಕನ್ನಡ ಸಂಘದ ಉದ್ಘಾಟನೆಗೆ ಬರುವ ಲೇಖಕಿಯೊಬ್ಬರನ್ನು ಸಭೆಗೆ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು ಕಳಿಸಿದ ಬಯೊಡೇಟಾ ನಾಲ್ಕು ಪುಟ ಇದೆ. ಅಂತರ್ಜಾಲದಲ್ಲಿ ನೋಡಿದರೆ ಒಂದೊಂದು ಕಡೆ ಒಂದೊಂದು ಥರ ಇದೆ. ನನಗೆ ಕೊಟ್ಟಿರುವುದು ಎರಡೇ ನಿಮಿಷ. ಏನು ಹೇಳಬೇಕು, ಏನು ಬಿಡಬೇಕು? ಹೇಳುವುದು ಸರಿ ಎಂದು ತಿಳಿಯುವುದು ಹೇಗೆ? ಪ್ರಶಸ್ತಿಗಳನ್ನು ಬಿಟ್ಟರೆ ಅಗೌರವ ಆಗುವುದಿಲ್ಲವೇ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಅತಿಥಿ ಪರಿಚಯವನ್ನು ಸಾಮಾನ್ಯವಾಗಿ ಕಾರ್ಯಕ್ರಮದ ಹಿಂದಿನ ಸಂಜೆ ಯಾರಿಗೋ ಒಪ್ಪಿಸುತ್ತಾರೆ. ಅವರು ಬಯೊಡೇಟಾ ಹಿಡಿದು ಮೈಕಿನ ಮುಂದೆ ನಿಂತು, ಹುಟ್ಟಿದ ಊರಿನಿಂದ ಹಿಡಿದು ನಿನ್ನೆ ಮೊನ್ನೆಯ ಸನ್ಮಾನದವರೆಗೆ ಓದಿಬಿಡುತ್ತಾರೆ. ನೀವು ಮೊದಲೇ ಕೂತು ಯೋಚಿಸುತ್ತಿದ್ದೀರಿ. ಗೊಂದಲವಾಗುವುದು ಸಹಜ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ: ಆಯ್ಕೆ ಹೇಗೆ, ಪರಿಶೀಲನೆ ಹೇಗೆ, ಬಿಟ್ಟಿದ್ದರ ಗತಿ ಏನು. ಒಂದೊಂದಾಗಿ ನೋಡೋಣ.

ನಿಮ್ಮ ಅತಿಥಿ ಯಾರೆಂದು ನೀವು ಬರೆದಿಲ್ಲ. ಹಾಗಾಗಿ ಓದುಗರೆಲ್ಲರಿಗೂ ಹೆಸರು ಗೊತ್ತಿರುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಿಮ್ಮ ಕಾಲೇಜಿಗೆ ಬಾನು ಮುಷ್ತಾಕ್ ಅವರು ಬರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಬಗ್ಗೆ ಬರೆದದ್ದು ಬೇಕಾದಷ್ಟಿದೆ, ತಪ್ಪಾಗಿ ಹೇಳಿದ್ದೂ ಸಾಕಷ್ಟಿದೆ. ಹಾಗಾಗಿ ಕೆಲಸ ಕಲಿಯಲು ಒಳ್ಳೆಯ ಉದಾಹರಣೆ.

ಮೊದಲು ಸಮಯದ ಲೆಕ್ಕ. ತುಂಬಿದ ಸಭಾಂಗಣದಲ್ಲಿ, ಮೈಕಿನಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ನಿಧಾನವಾಗಿ ಓದಿದರೆ ನನಗೆ ನಿಮಿಷಕ್ಕೆ ಸುಮಾರು 90 ಪದ ಸಾಗುತ್ತದೆ. ನಿಮ್ಮದು ಹತ್ತು ಪದ ಹೆಚ್ಚೋ ಕಡಿಮೆಯೋ ಇರಬಹುದು, ಗಡಿಯಾರ ಇಟ್ಟು ಒಮ್ಮೆ ಓದಿ ನೋಡಿಕೊಳ್ಳಿ. ಅಂದರೆ ಎರಡು ನಿಮಿಷಕ್ಕೆ 180 ಪದ, ಬರೆದರೆ ಒಂದು ಪುಟವೂ ತುಂಬುವುದಿಲ್ಲ. ಅದರಲ್ಲಿ ನಾಲ್ಕೈದು ಸಂಗತಿ ಹಿಡಿಸುತ್ತದೆ, ಆರನೆಯದನ್ನು ತುರುಕಿದರೆ ಮೊದಲಿನದು ಮರೆತುಹೋಗುತ್ತದೆ. ಈ ಲೆಕ್ಕ ಮೊದಲೇ ಗೊತ್ತಿದ್ದರೆ ನಾಲ್ಕು ಪುಟದ ಬಯೊಡೇಟಾ ನಿಮ್ಮನ್ನು ಹೆದರಿಸುವುದಿಲ್ಲ. ನೀವು ಹುಡುಕುತ್ತಿರುವುದು ಅವರ ಇಡೀ ಜೀವನಚರಿತ್ರೆಯನ್ನಲ್ಲ, ನಾಲ್ಕೈದು ಸಂಗತಿಗಳನ್ನು.

ಯಾವ ನಾಲ್ಕೈದು? ಇದಕ್ಕೆ ಉತ್ತರ ಬಯೊಡೇಟಾದಲ್ಲಿ ಸಿಗುವುದಿಲ್ಲ, ಸಭೆಯಲ್ಲಿ ಸಿಗುತ್ತದೆ. ಪರಿಚಯ ಕೇಳುವವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಈ ವಿಷಯದ ಮೇಲೆ, ನಮ್ಮ ಮುಂದೆ, ಇವರೇ ಏಕೆ ಮಾತಾಡಬೇಕು? ಆ ಪ್ರಶ್ನೆಗೆ ಉತ್ತರ ಕೊಡುವ ಸಂಗತಿ ಒಳಗೆ ಬರಲಿ, ಕೊಡದ್ದು ಎಷ್ಟೇ ದೊಡ್ಡದಾದರೂ ಹೊರಗಿರಲಿ. ಆದ್ದರಿಂದ ಹುಡುಕಾಟಕ್ಕೆ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಅತಿಥಿ ಅಂದು ಏನು ಮಾತಾಡುತ್ತಾರೆ, ಎದುರಿಗೆ ಯಾರು ಕೂತಿರುತ್ತಾರೆ. ಪ್ರಥಮ ಪಿಯುಸಿ ಮಕ್ಕಳೇ? ಪೋಷಕರೂ ಇರುತ್ತಾರೆಯೇ? ಊರಿನ ಹಿರಿಯ ಸಾಹಿತ್ಯಾಸಕ್ತರು ಮುಂದಿನ ಸಾಲಿನಲ್ಲಿ ಕೂರುತ್ತಾರೆಯೇ? ಸಂಘದ ಕಾರ್ಯದರ್ಶಿಯನ್ನು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಈಗ ಹುಡುಕಾಟ. ಒಂದು ಹಾಳೆ ತೆಗೆದುಕೊಂಡು ಮೂರು ಅಂಕಣ ಗೆರೆ ಹಾಕಿ. ಮೊದಲನೆಯದರಲ್ಲಿ ಸಂಗತಿ, ಎರಡನೆಯದರಲ್ಲಿ ಅದು ಎಲ್ಲಿ ಸಿಕ್ಕಿತು, ಮೂರನೆಯದರಲ್ಲಿ ಅದನ್ನು ಖಚಿತವಾಗಿ ಬಲ್ಲವರು ಯಾರು. ಮುಖ್ಯವಾದದ್ದು ಮೂರನೆಯ ಅಂಕಣ. ಪ್ರತಿ ಸಂಗತಿಗೂ ಒಬ್ಬ ಯಜಮಾನ ಇರುತ್ತಾನೆ. ಪ್ರಶಸ್ತಿಯ ವಿಷಯಕ್ಕೆ ಅದನ್ನು ಕೊಟ್ಟ ಸಂಸ್ಥೆ. ಪುಸ್ತಕದ ಹೆಸರು, ಇಸವಿಗೆ ಆ ಪುಸ್ತಕದ ಒಳಪುಟ. ಹುದ್ದೆಗೆ ಆ ಕಚೇರಿ. ಬಾಲ್ಯದ ಅನುಭವಕ್ಕೆ ಅತಿಥಿಯೇ, ಅಂದರೆ ಅವರು ಸ್ವತಃ ಕೊಟ್ಟ ಸಂದರ್ಶನ ಅಥವಾ ತಮ್ಮ ಪುಸ್ತಕಕ್ಕೆ ಬರೆದ ಅರಿಕೆ. ವಿಕಿಪೀಡಿಯ ಯಾವುದಕ್ಕೂ ಯಜಮಾನನಲ್ಲ. ಹಾಗೆಂದು ಅದನ್ನು ನೋಡಬಾರದೆಂದಲ್ಲ. ಅದು ಒಳ್ಳೆಯ ಕೈಮರ, ಯಾವ ದಾರಿಯಲ್ಲಿ ಹೋಗಬೇಕೆಂದು ತೋರಿಸುತ್ತದೆ. ಅದರ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ, ಅಲ್ಲಿ ಓದಿದ್ದನ್ನು ಹಾಳೆಯಲ್ಲಿ ಬರೆಯಿರಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ನಾಲ್ಕು ಪತ್ರಿಕೆಯಲ್ಲಿ ಒಂದೇ ಮಾತು ಬಂದಿದ್ದರೆ ಅದು ನಾಲ್ಕು ಸಾಕ್ಷಿ ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಒಂದೇ ಸಾಕ್ಷಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡಿರುತ್ತಾರೆ, ಅದನ್ನು ವಿಕಿಪೀಡಿಯ ಸೇರಿಸಿಕೊಂಡಿರುತ್ತದೆ, ಆಮೇಲೆ ಬೇರೆ ಪತ್ರಿಕೆ ವಿಕಿಪೀಡಿಯದಿಂದ ಎತ್ತಿಕೊಂಡಿರುತ್ತದೆ. ಗುರುತಿಸುವುದು ಸುಲಭ. ವಾಕ್ಯದ ಜೋಡಣೆ ಎಲ್ಲ ಕಡೆ ಒಂದೇ ಇರುತ್ತದೆ, ಕಾಗುಣಿತದ ತಪ್ಪೂ ಒಂದೇ ಇರುತ್ತದೆ. ಹಾಗೆ ಕಂಡರೆ ಎಣಿಕೆ ಬಿಟ್ಟು ಮೂಲಕ್ಕೆ ಹೋಗಿ.

ಉದಾಹರಣೆಗೆ ಬರೋಣ. ಬಾನು ಮುಷ್ತಾಕ್ ಅವರ ಬಗ್ಗೆ ಸಭೆಗಳಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ: “ಎದೆಯ ಹಣತೆ ಕಾದಂಬರಿಗೆ ಬೂಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಲೇಖಕಿ.” ಕಿವಿಗೆ ಚೆನ್ನಾಗಿದೆ. ಆದರೆ ಒಂದೇ ಸಾಲಿನಲ್ಲಿ ಮೂರು ತಪ್ಪು ಇದೆ. ಒಂದೊಂದನ್ನೂ ಬಿಡಿಸಿ ನೋಡಿ.

ಪ್ರಶಸ್ತಿಯ ಹೆಸರು ಬೂಕರ್ ಅಲ್ಲ, ಅಂತರರಾಷ್ಟ್ರೀಯ ಬೂಕರ್. ಎರಡನ್ನೂ ಕೊಡುವ ಪ್ರತಿಷ್ಠಾನ ಒಂದೇ ಆದ್ದರಿಂದ ಈ ಗೊಂದಲ ಬಹಳ ಜನರಿಗೆ ಆಗುತ್ತದೆ. ಬೂಕರ್ ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ. 1997ರಲ್ಲಿ ಅರುಂಧತಿ ರಾಯ್ ಅವರಿಗೆ, 2008ರಲ್ಲಿ ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರಿಗೆ ಸಿಕ್ಕಿದ್ದು ಅದು. ಅಂತರರಾಷ್ಟ್ರೀಯ ಬೂಕರ್ ಬೇರೆ ಭಾಷೆಯಿಂದ ಇಂಗ್ಲಿಷಿಗೆ ಅನುವಾದವಾಗಿ, ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕಕ್ಕೆ. ಅದರ 50,000 ಪೌಂಡ್ ಬಹುಮಾನವನ್ನು ಮೂಲ ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಾರೆ. ಇದು ಗೊತ್ತಾದ ಮೇಲೆ, ಪರಿಚಯದಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರ ಹೆಸರು ಬಿಟ್ಟರೆ ಅರ್ಧ ಪ್ರಶಸ್ತಿಯನ್ನೇ ಬಿಟ್ಟಂತೆ ಎಂದು ನಿಮಗೇ ತೋರುತ್ತದೆ.

ಮುಂದಿನದು ‘ಮೊದಲ ಭಾರತೀಯ ಲೇಖಕಿ’. ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯ ಅನುವಾದಕ್ಕೆ ಇದೇ ಪ್ರಶಸ್ತಿ 2022ರಲ್ಲೇ ಬಂದಿದೆ, ಅನುವಾದಕಿ ಡೇಸಿ ರಾಕ್‌ವೆಲ್. ಹಾಗಾದರೆ 2025ರಲ್ಲಿ ‘ಮೊದಲು’ ಯಾವುದು? ಕನ್ನಡದಿಂದ ಹೋದ ಪುಸ್ತಕಕ್ಕೆ ಮೊದಲು, ಸಣ್ಣಕತೆಗಳ ಸಂಕಲನಕ್ಕೆ ಮೊದಲು. ಸತ್ಯವಾದ ‘ಮೊದಲು’ ಇಷ್ಟು ದೊಡ್ಡದಿರುವಾಗ ತಪ್ಪಾದದ್ದನ್ನು ಹೇಳುವ ಅಗತ್ಯವಾದರೂ ಏನು? ‘ಮೊದಲ’, ‘ಏಕೈಕ’, ‘ಅತಿ ಕಿರಿಯ’ ಎಂಬ ಪದ ಎಲ್ಲೇ ಕಂಡರೂ ನಿಂತು, ಯಾವುದರಲ್ಲಿ ಮೊದಲು ಎಂದು ಕೇಳಿಕೊಳ್ಳಿ. ಪರಿಚಯಗಳಲ್ಲಿ ಅತಿ ಹೆಚ್ಚು ತಪ್ಪಾಗುವ ಪದಗಳು ಇವೇ ಎಂಬುದು ನನ್ನ ಅನುಭವ.

ಇನ್ನು ‘ಎದೆಯ ಹಣತೆ ಕಾದಂಬರಿ’. ಪ್ರಶಸ್ತಿ ಬಂದ ಪುಸ್ತಕದ ಹೆಸರು ‘ಹಾರ್ಟ್ ಲ್ಯಾಂಪ್’. ಅದು ಕಾದಂಬರಿಯಲ್ಲ, ಹನ್ನೆರಡು ಕತೆಗಳ ಸಂಕಲನ. ಆ ಕತೆಗಳು ಕನ್ನಡದಲ್ಲಿ 1990ರಿಂದ 2023ರ ನಡುವೆ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬಂದವು. ಅನುವಾದಕಿ ಬೇರೆ ಬೇರೆ ಸಂಕಲನಗಳಿಂದ ಆರಿಸಿಕೊಂಡಿದ್ದಾರೆ. ‘ಎದೆಯ ಹಣತೆ’ ಎಂಬ ಹೆಸರು ಕನ್ನಡದಲ್ಲೂ ಇರುವುದರಿಂದ ಅದೇ ಪುಸ್ತಕ ಅನುವಾದವಾಗಿದೆ ಎಂದು ಜನ ತಿಳಿಯುತ್ತಾರೆ. ನಿಮ್ಮ ಗ್ರಂಥಾಲಯದಲ್ಲಿ ಎರಡೂ ಇದ್ದರೆ ಪಕ್ಕಪಕ್ಕ ಇಟ್ಟು ಪರಿವಿಡಿ ನೋಡಿ, ಹತ್ತು ನಿಮಿಷದಲ್ಲಿ ವ್ಯತ್ಯಾಸ ಕಾಣುತ್ತದೆ. ಪರಿವಿಡಿ ನೋಡಿದವರು ಕತೆಯ ಹೆಸರನ್ನು ಸರಿಯಾಗಿ ಹೇಳಬಲ್ಲರು, ಸುದ್ದಿ ಓದಿದವರು ಪ್ರಶಸ್ತಿಯ ಹೆಸರನ್ನಷ್ಟೇ ಹೇಳಬಲ್ಲರು.

ಸಿನಿಮಾದ ವಿಷಯ ಬಂದರೂ ಇಷ್ಟೇ ಎಚ್ಚರ ಬೇಕು. ಅವರ ‘ಕರಿ ನಾಗರಗಳು’ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ಆ ಚಿತ್ರದ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇದನ್ನು ಅವಸರದಲ್ಲಿ “ರಾಷ್ಟ್ರಪ್ರಶಸ್ತಿ ಪಡೆದ ಕತೆಗಾರ್ತಿ” ಎಂದು ಕುಗ್ಗಿಸಿದರೆ ನಟಿಯ ಪ್ರಶಸ್ತಿ ಲೇಖಕಿಯ ಹೆಸರಿಗೆ ಹೋಗಿಬಿಡುತ್ತದೆ. ವಾಕ್ಯ ಕುಗ್ಗಿಸುವಾಗ ಯಾರಿಗೆ, ಯಾವುದಕ್ಕೆ ಎಂಬ ಎರಡು ಕೊಂಡಿ ಕಳಚದಂತೆ ನೋಡಿಕೊಳ್ಳಿ. ಹೆಸರು ಹತ್ತಿರವಿದ್ದರಂತೂ ಇನ್ನೂ ಜೋಪಾನ. ‘ಚೋಮನ ದುಡಿ’ ಕಾದಂಬರಿ ಶಿವರಾಮ ಕಾರಂತರದು, 1975ರ ಚಿತ್ರದ ನಿರ್ದೇಶಕರು ಬಿ.ವಿ. ಕಾರಂತರು. ಇಬ್ಬರೂ ಕಾರಂತರೇ, ಇಬ್ಬರ ಹೆಸರೂ ಅದೇ ಕೃತಿಯ ಜೊತೆಗೆ ಬರುತ್ತದೆ. ಇಷ್ಟು ಪ್ರಸಿದ್ಧರ ವಿಷಯದಲ್ಲೇ ಮಕ್ಕಳು ಅದಲುಬದಲು ಮಾಡುತ್ತಾರೆ. ಅಷ್ಟು ಪ್ರಸಿದ್ಧರಲ್ಲದ ಅತಿಥಿಯ ಹೆಸರನ್ನು ಹುಡುಕಿದಾಗ ಅದೇ ಇನಿಷಿಯಲ್ಲಿನ ಇನ್ನೊಬ್ಬರ ಪುಸ್ತಕ ಸಿಕ್ಕಿದರೆ ತಿಳಿಯುವುದು ಹೇಗೆ? ಊರು, ವೃತ್ತಿ, ಪ್ರಕಾಶಕರು, ಈ ಮೂರರಲ್ಲಿ ಎರಡಾದರೂ ಬಯೊಡೇಟಾದ ಜೊತೆ ತಾಳೆಯಾಗಬೇಕು. ಹೆಸರೊಂದೇ ತಾಳೆಯಾದರೆ ಆ ಪುಸ್ತಕವನ್ನು ಪಟ್ಟಿಗೆ ಸೇರಿಸಬೇಡಿ.

ಪ್ರಶಸ್ತಿಗಳ ವಿಷಯದಲ್ಲಿ ನಮ್ಮ ನಾಡಿನಲ್ಲಿ ವಿಶೇಷವಾಗಿ ಆಗುವ ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. ಬಯೊಡೇಟಾದಲ್ಲಿ ‘ಸಾಹಿತ್ಯ ಅಕಾಡೆಮಿ ಪ್ರಶಸ್ತಿ’ ಎಂದಷ್ಟೇ ಇದ್ದರೆ ಯಾವ ಅಕಾಡೆಮಿ ಎಂದು ಕೇಳಲೇಬೇಕು. ದೆಹಲಿಯ ಸಾಹಿತ್ಯ ಅಕಾಡೆಮಿ ಒಂದು, ಅದನ್ನು ನಾವು ರೂಢಿಯಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಎನ್ನುತ್ತೇವೆ. ಬೆಂಗಳೂರಿನ ಕರ್ನಾಟಕ ಸಾಹಿತ್ಯ ಅಕಾಡೆಮಿ ಇನ್ನೊಂದು. ಎರಡನೆಯದರಲ್ಲೂ ಜೀವಮಾನದ ಸಾಧನೆಗೆ ಕೊಡುವ ಗೌರವ ಪ್ರಶಸ್ತಿ ಬೇರೆ, ಒಂದು ಪುಸ್ತಕಕ್ಕೆ ಕೊಡುವ ಪುಸ್ತಕ ಬಹುಮಾನ ಬೇರೆ. ಇಸವಿಯೂ ಮೋಸ ಮಾಡುತ್ತದೆ. ಚಂದ್ರಶೇಖರ ಕಂಬಾರರಿಗೆ ಬಂದ ಜ್ಞಾನಪೀಠ 2010ನೇ ಸಾಲಿನದು, ಘೋಷಣೆಯಾದದ್ದು 2011ರಲ್ಲಿ. ಎರಡೂ ಇಸವಿ ಬೇರೆ ಬೇರೆ ಕಡೆ ಕಂಡರೆ ಯಾರೋ ತಪ್ಪು ಬರೆದಿದ್ದಾರೆ ಎಂದು ಗಾಬರಿಯಾಗಬೇಡಿ. ‘ಇಂಥ ಸಾಲಿನ’ ಎಂದು ಹೇಳಿದರೆ ಸರಿಹೋಗುತ್ತದೆ, ಎರಡು ನಿಮಿಷದ ಪರಿಚಯಕ್ಕೆ ಇಸವಿ ಬೇಡವೆನಿಸಿದರೆ ಬಿಟ್ಟರೂ ನಡೆಯುತ್ತದೆ.

ಹೆಸರಿನ ಹಿಂದೆ ಮುಂದೆ ಸೇರಿಸುವುದರ ಬಗ್ಗೆಯೂ ಒಂದು ಮಾತು. ‘ಪದ್ಮಶ್ರೀ ಇಂಥವರು’ ಎಂದು ಕರೆಯುವುದು ವೇದಿಕೆಗಳಲ್ಲಿ ರೂಢಿಯಾಗಿದೆ. ಆದರೆ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1995ರಲ್ಲೇ ಹೇಳಿದೆ. ಹಾಗಾಗಿ ‘ಪದ್ಮಶ್ರೀ ಪುರಸ್ಕೃತರಾದ ಇಂಥವರು’ ಎಂದು ವಾಕ್ಯದೊಳಗೆ ತಂದರೆ ವಿಷಯವೂ ತಿಳಿಯುತ್ತದೆ, ತಪ್ಪೂ ಆಗುವುದಿಲ್ಲ. ‘ಡಾ.’ ಎಂದಿದ್ದರೆ ಅದು ಸಂಶೋಧನೆ ಮಾಡಿ ಪಡೆದ ಪಿಎಚ್.ಡಿ.ಯೋ, ವೈದ್ಯ ಪದವಿಯೋ, ಗೌರವ ಡಾಕ್ಟರೇಟೋ ತಿಳಿದುಕೊಳ್ಳಿ. ಸಭೆಗೆ ಅದನ್ನು ವಿವರಿಸಬೇಕೆಂದಲ್ಲ. ಗೌರವ ಡಾಕ್ಟರೇಟ್ ಪಡೆದವರನ್ನು ‘ಇಂಥ ವಿಷಯದಲ್ಲಿ ಸಂಶೋಧನೆ ಮಾಡಿ’ ಎಂದು ಹೇಳಿಬಿಡುವ ಮುಜುಗರ ತಪ್ಪುತ್ತದೆ.

ಹಾಳೆ ತುಂಬಿದ ಮೇಲೆ ಅತಿಥಿಗೆ ಫೋನ್ ಮಾಡಿ. ಹಾಳೆ ತುಂಬುವ ಮೊದಲಲ್ಲ. ಏನೂ ಓದದೆ “ಮೇಡಂ, ನಿಮ್ಮ ಬಗ್ಗೆ ಸ್ವಲ್ಪ ಹೇಳಿ” ಎಂದು ಕೇಳಿದರೆ ಅವರಿಗೂ ಬೇಸರ, ನಿಮಗೂ ಉಪಯೋಗ ಕಡಿಮೆ. ಓದಿಕೊಂಡು, ನಿಮಗೆ ತಾಳೆಯಾಗದೆ ಉಳಿದ ಎರಡು ಮೂರು ಸಂಗತಿಯನ್ನು ಮಾತ್ರ ಕೇಳಿ. ಜೊತೆಗೆ ನಾಲ್ಕು ಪ್ರಶ್ನೆ ಯಾವಾಗಲೂ ಇರಲಿ. ತಮ್ಮ ಹೆಸರನ್ನು ಹೇಗೆ ಉಚ್ಚರಿಸಬೇಕು? ಈಗಿನ ಹುದ್ದೆ ಯಾವುದು? ತಮ್ಮ ಪರಿಚಯದಲ್ಲಿ ಸಾಮಾನ್ಯವಾಗಿ ಯಾವ ತಪ್ಪು ಆಗುತ್ತದೆ? ಹೇಳಬಾರದ್ದು ಏನಾದರೂ ಇದೆಯೇ?

ಈಗಿನ ಹುದ್ದೆಯ ಪ್ರಶ್ನೆಯನ್ನು ನಾನು ಕಲಿತದ್ದು ತಪ್ಪು ಮಾಡಿ. ಹಲವು ವರ್ಷದ ಹಿಂದೆ ಒಂದು ತಾಲ್ಲೂಕು ಕೇಂದ್ರದ ಸಭೆಯಲ್ಲಿ ಅತಿಥಿಯೊಬ್ಬರನ್ನು ಒಂದು ಸಂಸ್ಥೆಯ ನಿರ್ದೇಶಕರು ಎಂದು ಪರಿಚಯಿಸಿದೆ. ನನ್ನ ಕೈಯಲ್ಲಿದ್ದದ್ದು ಅವರದೇ ಬಯೊಡೇಟಾ, ಹಾಗಾಗಿ ಅನುಮಾನವೇ ಬರಲಿಲ್ಲ. ಅದು ಎರಡು ವರ್ಷ ಹಳೆಯದು. ಅಷ್ಟರಲ್ಲಿ ಅವರು ಮನಸ್ತಾಪದಿಂದ ಆ ಕೆಲಸ ಬಿಟ್ಟಿದ್ದರು. ಮೈಕಿನ ಮುಂದೆ ಬಂದು “ನಾನೀಗ ಅಲ್ಲಿ ಇಲ್ಲ” ಎಂದು ಸಣ್ಣ ದನಿಯಲ್ಲಿ ಹೇಳಿ, ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಭಾಷಣ ಚೆನ್ನಾಗಿಯೇ ನಡೆಯಿತು, ಆದರೆ ಆ ಕ್ಷಣದ ಅವರ ಮುಖ ನನಗೆ ಮರೆತಿಲ್ಲ. ಬಯೊಡೇಟಾ ಅತಿಥಿಯೇ ಕೊಟ್ಟದ್ದಾದರೂ ಅದು ಯಾವ ತಾರೀಖಿನದು ಎಂದು ಕೇಳಿಕೊಳ್ಳಬೇಕು.

ಹೇಳಬಾರದ್ದು ಏನಾದರೂ ಇದೆಯೇ ಎಂಬ ಪ್ರಶ್ನೆ ಕೆಲವರಿಗೆ ಸಂಕೋಚ ಅನಿಸುತ್ತದೆ. ಕೇಳಿದರೆ ಅತಿಥಿಗೆ ಸಮಾಧಾನವೇ ಆಗುತ್ತದೆ. ಬದುಕಿನಲ್ಲಿ ಎದುರಿಸಿದ ವಿರೋಧ, ಕಾಯಿಲೆ, ಮನೆಯ ನೋವು, ಇವನ್ನು ಅವರು ಎಲ್ಲೋ ಸಂದರ್ಶನದಲ್ಲಿ ಹೇಳಿಕೊಂಡಿರಬಹುದು. ಆದರೆ ಅದನ್ನು ಇಂದು, ಈ ಮಕ್ಕಳ ಮುಂದೆ ಹೇಳುವುದೋ ಬಿಡುವುದೋ ಅವರಿಗೆ ಸೇರಿದ್ದು. ಪರಿಚಯಕಾರರು ಮೊದಲೇ ಹೇಳಿಬಿಟ್ಟರೆ ಅವರಿಗೆ ಆ ಆಯ್ಕೆ ಇರುವುದಿಲ್ಲ. ಜಾತಿ, ಗಂಡನ ಉದ್ಯೋಗ, ಮಕ್ಕಳು ಎಲ್ಲಿದ್ದಾರೆ ಎಂಬುದಕ್ಕಂತೂ ಪರಿಚಯದಲ್ಲಿ ಜಾಗವೇ ಬೇಡ.

ಇಷ್ಟಾದ ಮೇಲೆ ಬರೆಯುವುದು. ನಿಮ್ಮ ಕಾಲೇಜಿನ ಸಭೆಗೆ, ಅವರು ಮನೆಮಾತು ಮತ್ತು ಬರವಣಿಗೆಯ ಭಾಷೆ ಎಂಬ ವಿಷಯ ಆರಿಸಿಕೊಂಡಿದ್ದಾರೆ ಎಂದು ಭಾವಿಸಿ, ನಾನಾದರೆ ಹೀಗೆ ಬರೆಯುತ್ತೇನೆ:

“ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಹುಟ್ಟಿದ ಹುಡುಗಿ. ಮನೆಯಲ್ಲಿ ಆಡುವ ಮಾತು ದಖನಿ ಉರ್ದು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದಾಗ ಅಲ್ಲಿಯವರು ಒಂದು ಷರತ್ತು ಹಾಕಿದರು: ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಹುಡುಗಿ ಮುಂದೆ ಕನ್ನಡದಲ್ಲೇ ಕತೆ ಬರೆದರು, ಲಂಕೇಶ್ ಪತ್ರಿಕೆಗೆ ವರದಿ ಮಾಡಿದರು, ಹಾಸನದಲ್ಲಿ ವಕೀಲರಾದರು. ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಅವರು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವವರು ಈ ಸಭೆಯಲ್ಲಿ ಅನೇಕರಿದ್ದೀರಿ. ಆ ವಿಷಯವಾಗಿಯೇ ಅವರು ಇಂದು ನಿಮ್ಮೊಡನೆ ಮಾತಾಡಲಿದ್ದಾರೆ. ಶ್ರೀಮತಿ ಬಾನು ಮುಷ್ತಾಕ್ ಅವರು.”

ಎಣಿಸಿದರೆ ತೊಂಬತ್ತು ಪದದ ಆಸುಪಾಸು ಆಗುತ್ತದೆ. ಹೆಚ್ಚುಕಡಿಮೆ ಒಂದು ನಿಮಿಷ. ಚಪ್ಪಾಳೆಗೂ, ನಡುವೆ ನಿಲ್ಲಿಸಿ ಉಸಿರಾಡುವುದಕ್ಕೂ ಸಮಯ ಉಳಿಯುತ್ತದೆ. ಶಾಲೆಯ ಸಂಗತಿಗೆ ಇಷ್ಟು ಜಾಗ ಕೊಟ್ಟದ್ದು ಏಕೆಂದರೆ ಕೂತಿರುವ ಮಕ್ಕಳು ತಾವೇ ಶಾಲೆ ದಾಟಿ ಬಂದವರು, ಮತ್ತು ಭಾಷಣದ ವಿಷಯ ಅಲ್ಲಿಂದಲೇ ಶುರುವಾಗುತ್ತದೆ. ಸಿನಿಮಾ ಬಿಟ್ಟಿದ್ದೇನೆ, ಸಂಕಲನಗಳ ಪಟ್ಟಿ ಬಿಟ್ಟಿದ್ದೇನೆ, ಬೇರೆ ಪ್ರಶಸ್ತಿ ಬಿಟ್ಟಿದ್ದೇನೆ. ಹೆಸರನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಹೆಸರು ಕೇಳಿದ ಕೂಡಲೇ ಸಭೆ ಚಪ್ಪಾಳೆ ತಟ್ಟುತ್ತದೆ, ಅದಾದ ಮೇಲೆ ನೀವು ಏನು ಹೇಳಿದರೂ ಕೇಳಿಸುವುದಿಲ್ಲ.

ಇದೇ ಅತಿಥಿ ಮರುದಿನ ಅದೇ ಊರಿನ ವಕೀಲರ ಸಂಘದಲ್ಲಿ ಮಹಿಳೆ ಮತ್ತು ನ್ಯಾಯ ಎಂಬ ವಿಷಯದ ಮೇಲೆ ಮಾತಾಡಿದರೆ? ಹಾಳೆ ಅದೇ, ಆಯ್ಕೆ ಬೇರೆ:

“ಅಧ್ಯಕ್ಷರೇ, ವಕೀಲ ಮಿತ್ರರೇ. ಇಂದಿನ ಅತಿಥಿ ನಮ್ಮ ವೃತ್ತಿಯವರೇ. ಹಾಸನದಲ್ಲಿ ವಕೀಲಿ ಮಾಡುತ್ತಲೇ ಕತೆ ಬರೆದವರು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಿಕೊಂಡು ಮಸೀದಿಯ ಬಾಗಿಲಿಗೆ ಬಂದು ಕೂರುತ್ತಾಳೆ. ಇದು ಅವರ ‘ಕರಿ ನಾಗರಗಳು’ ಕತೆ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರ ನೋಡಿದವರಿಗೆ ಅದು ನೆನಪಿರಬಹುದು, ಆ ಚಿತ್ರಕ್ಕೆ ಆಧಾರ ಈ ಕತೆಯೇ. ಅವರ ಕತೆಗಳ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರ ಜೊತೆಗೆ, 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿದೆ. ನ್ಯಾಯ ಕೇಳಿ ಬಂದ ಹೆಣ್ಣನ್ನು ವಕೀಲರಾಗಿಯೂ ಲೇಖಕಿಯಾಗಿಯೂ ಕಂಡವರು ಶ್ರೀಮತಿ ಬಾನು ಮುಷ್ತಾಕ್ ಅವರು.”

ಇಲ್ಲಿ ಶಾಲೆಯ ಕತೆ ಇಲ್ಲ, ಭಾಷೆಯ ಮಾತಿಲ್ಲ. ಮೊದಲ ಸಾಲಿನಲ್ಲೇ ‘ನಮ್ಮ ವೃತ್ತಿಯವರು’ ಎಂದು ಬಂದಿದೆ, ಏಕೆಂದರೆ ವಕೀಲರು ಕಿವಿ ನೆಟ್ಟಗೆ ಮಾಡುವುದು ಅಲ್ಲಿ. ಅಂತರರಾಷ್ಟ್ರೀಯ ಬೂಕರ್ ಎರಡರಲ್ಲೂ ಇದೆ, ಆದರೆ ಎರಡನೆಯದರಲ್ಲಿ ಒಂದೇ ವಾಕ್ಯಕ್ಕೆ ಇಳಿದಿದೆ. ಎರಡೂ ಪರಿಚಯಗಳಲ್ಲಿ ‘ನಾಡಿನ ಹೆಮ್ಮೆ’, ‘ಸರಳ ಸಜ್ಜನಿಕೆಯ’, ‘ಬಹುಮುಖ ಪ್ರತಿಭೆ’ ಎಂಬ ಮಾತು ಇಲ್ಲದಿರುವುದನ್ನು ನೀವು ಗಮನಿಸಿರಬಹುದು. ಆ ಮಾತುಗಳನ್ನು ಯಾವ ಅತಿಥಿಗೆ ಹೇಳಿದರೂ ನಡೆಯುತ್ತದೆ. ಆದ್ದರಿಂದಲೇ ಅವು ಈ ಅತಿಥಿಯ ಬಗ್ಗೆ ಏನೂ ತಿಳಿಸುವುದಿಲ್ಲ. ನಿಮ್ಮ ಕರಡನ್ನು ಹೀಗೆ ಪರೀಕ್ಷಿಸಿ: ಹೆಸರು ಮುಚ್ಚಿ ಸಹೋದ್ಯೋಗಿಯೊಬ್ಬರಿಗೆ ಓದಿ ಹೇಳಿ. ಯಾರ ಬಗ್ಗೆ ಎಂದು ಅವರು ಊಹಿಸುವಂತಿದ್ದರೆ, ಪರಿಚಯವಿಲ್ಲದವರಾದರೆ ಎಂಥವರೆಂದಾದರೂ ಚಿತ್ರ ಮೂಡುವಂತಿದ್ದರೆ, ಕರಡು ಸರಿಯಾಗಿದೆ.

ಬರೆದದ್ದನ್ನು ಅತಿಥಿಗೆ ಮೊದಲೇ ಕಳಿಸಬಹುದೇ ಎಂದು ನಿಮಗೆ ಅನಿಸಬಹುದು. ಧಾರಾಳವಾಗಿ ಕಳಿಸಿ, ಎರಡು ದಿನ ಮುಂಚೆ. ಒಂದು ಅಕ್ಷರ ತಪ್ಪಿದ್ದರೂ ಹೇಳುತ್ತಾರೆ. ಹೊಗಳಿಕೆ ಸೇರಿಸಲು ಹೇಳುವವರು ಅಪರೂಪ, ತೆಗೆಯಲು ಹೇಳುವವರೇ ಹೆಚ್ಚು. ಆಮೇಲೆ ದಪ್ಪ ಅಕ್ಷರದಲ್ಲಿ, ಒಂದೇ ಹಾಳೆಯ ಒಂದೇ ಬದಿಯಲ್ಲಿ ಬರೆದುಕೊಳ್ಳಿ. ಅವರ ಹೆಸರನ್ನು ಉಚ್ಚಾರಣೆಯಂತೆ ಬಿಡಿಸಿ ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಂಡರೆ ವೇದಿಕೆಯ ಗಾಬರಿಯಲ್ಲೂ ನಾಲಿಗೆ ತಪ್ಪುವುದಿಲ್ಲ.

ಕೊನೆಗೆ ನಿಮ್ಮ ಮೂರನೆಯ ಅನುಮಾನ: ಬಿಟ್ಟರೆ ಅಗೌರವವೇ? ವೇದಿಕೆಯ ಮಾತು ಒಂದೇ ಗೌರವಿಸುವ ಜಾಗವಾಗಿದ್ದರೆ ಹೌದೆನ್ನಬೇಕಾಗಿತ್ತು. ಆದರೆ ನಿಮ್ಮ ಕಾಲೇಜಿನಲ್ಲಿ ಆಮಂತ್ರಣ ಪತ್ರಿಕೆಯ ಹಿಂಬದಿ ಖಾಲಿ ಇರುತ್ತದೆ, ಸಭಾಂಗಣದ ಬಾಗಿಲಲ್ಲಿ ಸೂಚನಾ ಫಲಕ ಇರುತ್ತದೆ, ಗ್ರಂಥಾಲಯದಲ್ಲಿ ಒಂದು ಮೇಜು ಸಿಗುತ್ತದೆ. ತಾಳೆ ನೋಡಿದ ಪ್ರಶಸ್ತಿಗಳ ಪಟ್ಟಿಯನ್ನು ಪೂರ್ತಿಯಾಗಿ, ಸಂಸ್ಥೆಯ ಹೆಸರು ಮತ್ತು ಸಾಲಿನ ಸಮೇತ, ಆಮಂತ್ರಣದ ಹಿಂಬದಿಗೆ ಹಾಕಿಸಿ. ಗ್ರಂಥಾಲಯದಲ್ಲಿರುವ ಅವರ ಪುಸ್ತಕಗಳನ್ನು ಆ ಮೇಜಿನ ಮೇಲೆ ಜೋಡಿಸಿ, ಸಭಾಂಗಣದ ಬಾಗಿಲಿನ ಬಳಿ ಇಡಿಸಿ. ಭಾಷಣ ಮುಗಿದು ಹೊರಗೆ ಬರುವ ಮಕ್ಕಳಲ್ಲಿ ಇಬ್ಬರೋ ಮೂವರೋ ಅಲ್ಲಿ ನಿಂತು ಒಂದು ಪುಸ್ತಕ ತೆರೆದು ನೋಡುತ್ತಾರೆ. ಅತಿಥಿ ಚಹಾಕ್ಕೆ ಹೋಗುವುದೂ ಅದೇ ದಾರಿಯಲ್ಲಿ.